ಕಾಫಿ ಚೆಲ್ಲಿದ ಮೇಲೆ ‘ಮ’ ಒತ್ತಿದರೆ ‘ಮನ’ ಬರ್ತಿದೆ, ಕೀಬೋರ್ಡ್ ಉಳಿಸಬಹುದಾ?

ಲಗ್ನಪತ್ರಿಕೆ_ಲತಾ

ನಮಸ್ಕಾರ ಎಲ್ಲರಿಗೂ. ಹಾಸನದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮೊನ್ನೆ ಕೀಬೋರ್ಡ್ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು. ಹಾಲು ಸಕ್ಕರೆ ಎರಡೂ ಹಾಕಿದ ಕಾಫಿ. ತಕ್ಷಣ ವೈರ್ ಕಿತ್ತೆ, ಬೋರಲು ಹಾಕಿದೆ, ಒರೆಸಿ ರಾತ್ರಿಯಿಡೀ ಫ್ಯಾನ್ ಕೆಳಗೆ ಇಟ್ಟೆ.

ಮಾರನೇ ದಿನ ಬೆಳಗ್ಗೆ ಚೆನ್ನಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ತೊಂದರೆ ಶುರುವಾಯಿತು. ನುಡಿ ಸಾಫ್ಟ್‌ವೇರ್‌ನಲ್ಲಿ ‘ಮ’ ಒತ್ತಿದರೆ ‘ಮನ’ ಅಂತ ಬರುತ್ತದೆ. ‘ಮದುವೆ’ ಅಂತ ಹೊಡೆದರೆ ‘ಮನದುಯವೆ’ ಆಗುತ್ತದೆ. ‘ಬ’ ಇನ್ನೂ ವಿಚಿತ್ರ, ಒಂದು ಸಲ ಒತ್ತಿದರೆ ಬಬಬಬಬ ಅಂತ ಸಾಲು ತುಂಬ ಓಡುತ್ತದೆ. ಉಳಿದ ಅಕ್ಷರ ಸರಿ ಇವೆ.

ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಇದು. ಹೊಸದು ತರಬಹುದು, ಗೊತ್ತು. ಆದರೆ ಇದರ ಮೇಲೆ ಕೈ ಕೂತುಬಿಟ್ಟಿದೆ. ಇದುವರೆಗೆ ಯಾವ ವಸ್ತುವನ್ನೂ ಬಿಚ್ಚಿದವಳಲ್ಲ. ನಾನೇ ಕ್ಲೀನ್ ಮಾಡಬಹುದಾ?

ಸಿಸ್ಟಂ_ಶಿವು

ಮೇಡಂ, ಇದು ನುಡಿಯ ಸಮಸ್ಯೆ. ನನಗೂ ಹೀಗೇ ಆಗಿತ್ತು, ಒಂದು ಒತ್ತಿದರೆ ಇನ್ನೊಂದು ಬರ್ತಿತ್ತು. ನುಡಿ ತೆಗೆದು ಮತ್ತೆ ಹಾಕಿ, ಫಾಂಟ್ ಬದಲಿಸಿ. ಆಗದಿದ್ದರೆ ವಿಂಡೋಸ್ ಹೊಸದಾಗಿ ಹಾಕಿಸಿ.

ಬೆಸುಗೆಕಡ್ಡಿ

ಶಿವು, ಕಾಫಿ ಚೆಲ್ಲಿದ್ದನ್ನು ಅವರು ಮೊದಲ ಸಾಲಲ್ಲೇ ಹೇಳಿದ್ದಾರಲ್ಲಪ್ಪ. ವಿಂಡೋಸ್ ಪಾಡಿಗೆ ಅದು ಇರಲಿ ಬಿಡು.

ಲತಾ ಅವರೇ, ಆದರೂ ಒಂದು ಪರೀಕ್ಷೆ ಮಾಡಿ, ಶಿವು ಅನುಮಾನವೂ ಪರಿಹಾರವಾಗಲಿ. ನುಡಿ ಆಫ್ ಮಾಡಿ, ನೋಟ್‌ಪ್ಯಾಡ್ ತೆರೆದು ಇಂಗ್ಲಿಷಿನಲ್ಲಿ `m`, `n`, `j`, `h`, `u`, `y` ಈ ಆರು ಕೀಗಳನ್ನು ಒಂದೊಂದಾಗಿ, ನಡುವೆ ಜಾಗ ಬಿಟ್ಟು ಒತ್ತಿ. ಏನು ಬಂತೋ ಹಾಗೇ ಇಲ್ಲಿ ಹಾಕಿ. ಸರಿಪಡಿಸಿ ಬರೆಯಬೇಡಿ.

ಜೊತೆಗೆ `Win + Ctrl + O` ಒತ್ತಿದರೆ ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಕೈ ಎತ್ತಿ ಸುಮ್ನೆ ನೋಡ್ತಾ ಕೂತುಕೊಳ್ಳಿ. ನೀವು ಮುಟ್ಟದಿದ್ದರೂ ಯಾವುದಾದರೂ ಕೀ ತಾನಾಗಿ ಬೆಳಗುತ್ತದಾ ಹೇಳಿ.

ಲಗ್ನಪತ್ರಿಕೆ_ಲತಾ

ಮಾಡಿದೆ ಸಾರ್. ಬಂದದ್ದು ಇಷ್ಟು: `mn mn jh jh uy uy`. ಅಂದರೆ `m` ಒತ್ತಿದರೂ `mn`, `n` ಒತ್ತಿದರೂ `mn`! ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಪರದೆಯ ಮೇಲಿನ ಕೀಬೋರ್ಡ್‌ನಲ್ಲಿ `b` ಆಗಾಗ ತಾನೇ ಬೆಳಗಿ ಆರುತ್ತದೆ.

ಬೆಸುಗೆಕಡ್ಡಿ

ಚೆನ್ನಾಗಿ ನೋಡಿದ್ದೀರಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ.

ಕೀಬೋರ್ಡ್ ಒಳಗೆ ಕೀಗೊಂದು ವೈರ್ ಇರುವುದಿಲ್ಲ. ತೆಳು ಪ್ಲಾಸ್ಟಿಕ್ ಹಾಳೆಗಳು ಇರುತ್ತವೆ. ಮೇಲಿನ ಹಾಳೆಯಲ್ಲಿ ಕೆಲವು ಗೆರೆ, ಕೆಳಗಿನದರಲ್ಲಿ ಕೆಲವು ಗೆರೆ, ನಡುವೆ ತೂತುಗಳಿರುವ ಇನ್ನೊಂದು ಹಾಳೆ. ಗೆರೆಗಳು ಕರೆಂಟ್ ಹರಿಯುವ ಶಾಯಿಯಲ್ಲಿ ಮುದ್ರಿಸಿದವು. ಕೀ ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಯಾವ ಎರಡು ಗೆರೆ ಸೇರಿದವು ಅನ್ನುವುದರಿಂದ ಕೀ ಯಾವುದು ಅಂತ ಗೊತ್ತಾಗುತ್ತದೆ.

ನಿಮ್ಮ ಕೀಬೋರ್ಡ್‌ನಲ್ಲಿ `u j m` ಮೂರೂ ಒಂದೇ ಗೆರೆಯ ಮೇಲಿರಬೇಕು, `y h n` ಅದರ ಪಕ್ಕದ ಗೆರೆಯ ಮೇಲೆ. ಈ ಎರಡು ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಕಾಫಿ ಸೇತುವೆ ಕಟ್ಟಿದೆ. ಹಾಗಾಗಿಯೇ ಜೋಡಿ ಎರಡೂ ದಿಕ್ಕಿನಲ್ಲಿ ಬರುತ್ತಿದೆ, ಯಾವುದನ್ನು ಒತ್ತಿದರೂ ಒಂದೇ ಕ್ರಮದಲ್ಲಿ ಬರುತ್ತಿದೆ. `m` ಕೀ ಕೆಳಗೆ ಎಷ್ಟು ಒರೆಸಿದರೂ ಇದು ಹೋಗುವುದಿಲ್ಲ. ಜಾಗ ಬೇರೆ ಎಲ್ಲೋ ಇದೆ.

`b` ಕಥೆ ಬೇರೆ. ಅಲ್ಲಿ ಮೇಲಿನ ಹಾಳೆ, ಕೆಳಗಿನ ಹಾಳೆ ಆ ಒಂದು ಜಾಗದಲ್ಲಿ ಅಂಟಿಕೊಂಡಿವೆ. ಕೈ ಎತ್ತಿದರೂ ಕೀ ಒತ್ತಿದಂತೆಯೇ ಇದೆ.

ಬೆಳಗ್ಗೆ ಸರಿ ಇದ್ದು ಮಧ್ಯಾಹ್ನ ಕೆಟ್ಟಿದ್ದಕ್ಕೂ ಕಾರಣ ಇದೆ. ಫ್ಯಾನ್ ಗಾಳಿಗೆ ನೀರು ಹೋಯಿತು, ಸಕ್ಕರೆ ಮತ್ತು ಹಾಲಿನ ಅಂಶ ಅಲ್ಲೇ ಉಳಿಯಿತು. ಆ ಅಂಟು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಇನ್ನೂ ನಾಲ್ಕು ದಿನ ಒಣಗಿಸಿದರೂ ಇದೇ ಆಟ ಆಡುತ್ತದೆ. ಬಿಚ್ಚಿ ಒರೆಸಬೇಕು. ಯುಎಸ್‌ಬಿ ಕೀಬೋರ್ಡ್ ಆದ್ದರಿಂದ ಭಯ ಬೇಡ. ವೈರ್ ಕಿತ್ತ ಮೇಲೆ ಒಳಗೆ ಕರೆಂಟ್ ಇರುವುದಿಲ್ಲ.

ಮೊಬೈಲ್_ಮೆಹಬೂಬ್

ಇಷ್ಟೆಲ್ಲಾ ಯಾಕೆ ಅಣ್ಣಾ. ಅಕ್ಕ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಸಿಗುತ್ತೆ, ಐಸೊಪ್ರೊಪೈಲ್ ಆಲ್ಕೊಹಾಲ್ ಅಂತ ಕೇಳಿ. 99 ಪರ್ಸೆಂಟ್‌ದು ತನ್ನಿ. ಕೀ ಸಂದಿಗೆ ಸುರಿದು ಬ್ರಷ್ ಹೊಡೆದು ಒಣಗಿಸಿ, ಮುಗೀತು. ನೀರು ಮಾತ್ರ ಮುಟ್ಟಿಸಬೇಡಿ. ನೀರಲ್ಲಿ ಬಿದ್ದ ಮೊಬೈಲ್ ದಿನಾ ನೋಡ್ತೀನಿ, ಬೋರ್ಡಿಗೆ ಐಪಿಎ ಬಿಟ್ಟು ಬೇರೇನೂ ಹಾಕಲ್ಲ.

ಬೆಸುಗೆಕಡ್ಡಿ

ಮೆಹಬೂಬ್, ಬೋರ್ಡಿಗೆ ನೀವು ಹೇಳಿದ್ದು ಸರಿ. ಇಲ್ಲಿ ಚೆಲ್ಲಿರುವುದು ಸಕ್ಕರೆ. ಒಂದು ಲೋಟದಲ್ಲಿ ನಿಮ್ಮ 99 ಪರ್ಸೆಂಟ್ ಐಪಿಎ ಸ್ವಲ್ಪ ತಗೊಂಡು ಒಂದು ಚಿಟಿಕೆ ಸಕ್ಕರೆ ಹಾಕಿ ಕಲಕಿ ನೋಡಿ. ಸಕ್ಕರೆ ತಳದಲ್ಲೇ ಕೂತಿರುತ್ತದೆ. ಸಕ್ಕರೆ ಕರಗಿಸುವುದು ನೀರು. ಹಾಗಾಗಿ ಮೊದಲು ನೀರು, ಆಮೇಲೆ ಐಪಿಎ. ಹಾಲಿನ ಜಿಡ್ಡು ಬಿಡಿಸಲು, ಉಳಿದ ನೀರನ್ನು ಬೇಗ ಆರಿಸಲು ಐಪಿಎ ಬೇಕು.

ಬಿಚ್ಚದೆ ಮೇಲಿಂದ ಸುರಿದರೆ ಇನ್ನೊಂದು ಅಪಾಯ ಇದೆ. ಒಂದು ಕಡೆ ಇರುವ ಕಾಫಿ ಹಾಳೆಗಳ ಸಂದಿಯಲ್ಲಿ ಹರಿದು ನಾಲ್ಕು ಕಡೆ ಹೋಗುತ್ತದೆ. ಇವತ್ತು ಏಳು ಕೀ ಕೆಟ್ಟಿದ್ದರೆ ನಾಳೆ ಇಪ್ಪತ್ತು.

ಮೊಬೈಲ್_ಮೆಹಬೂಬ್

ಸಕ್ಕರೆ ಕಲಕಿ ನೋಡಿದೆ. ಹೌದು, ಕರಗಲಿಲ್ಲ 😄 ಒಪ್ಪಿದೆ. ಆದರೂ ನಲ್ಲಿ ನೀರಿಗೆ ನಾನು ಒಪ್ಪಲ್ಲ. ನಮ್ಮೂರ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಪುಡಿ ಬಿಡುತ್ತೆ.

ಬೆಸುಗೆಕಡ್ಡಿ

ಅದು ನ್ಯಾಯವಾದ ಮಾತು. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಸೀಲ್ ಇರುವ ಕ್ಯಾನ್ ನೋಡಿ ತನ್ನಿ. ಬ್ಯಾಟರಿ ಆಸಿಡ್ ಕ್ಯಾನೂ ಪಕ್ಕದಲ್ಲೇ ಇಟ್ಟಿರುತ್ತಾರೆ, ಲೇಬಲ್ ಓದಿಕೊಳ್ಳಿ.

ಲತಾ ಅವರೇ, ಈಗ ಕೆಲಸ. ಮೊದಲು ಕೀಬೋರ್ಡ್ ಫೋಟೋ ತೆಗೆದಿಟ್ಟುಕೊಳ್ಳಿ, ಕೀ ವಾಪಸ್ ಕೂರಿಸುವಾಗ ಬೇಕಾಗುತ್ತದೆ. ಅಕ್ಷರದ ಕೀಗಳನ್ನು ಪ್ಲಾಸ್ಟಿಕ್ ಚಮಚದ ಹಿಡಿಯಿಂದ ನೇರವಾಗಿ ಮೇಲಕ್ಕೆ ಮೀಟಿ. ಸ್ಪೇಸ್, ಎಂಟರ್, ಶಿಫ್ಟ್ ಇವುಗಳ ಕೆಳಗೆ ಒಂದು ಕಬ್ಬಿಣದ ಕಂಬಿ ಇರುತ್ತದೆ. ಅವನ್ನು ಎಳೆಯಬೇಡಿ, ಒಂದು ಕಡೆ ಮೆಲ್ಲಗೆ ಎತ್ತಿ ಕಂಬಿ ಹೇಗೆ ಸಿಕ್ಕಿಕೊಂಡಿದೆ ನೋಡಿಕೊಂಡು ಬಿಡಿಸಿ.

ಬೆನ್ನಿನ ಸ್ಕ್ರೂಗಳನ್ನೆಲ್ಲ ತೆಗೆಯಿರಿ. ಎಲ್ಲ ತೆಗೆದ ಮೇಲೂ ಬಿಡದಿದ್ದರೆ ಬಲ ಹಾಕಬೇಡಿ. ಸ್ಟಿಕರ್ ಕೆಳಗೆ ಒಂದು ಸ್ಕ್ರೂ ಅಡಗಿರುತ್ತದೆ, ಬೆರಳಿಂದ ಒತ್ತಿ ನೋಡಿದರೆ ಗುಳಿ ಗೊತ್ತಾಗುತ್ತದೆ. ರಬ್ಬರ್ ಕಾಲಿನ ಅಡಿಯೂ ನೋಡಿ.

ಒಳಗೆ ರಬ್ಬರ್ ಹಾಳೆ, ಅದರ ಕೆಳಗೆ ನಾನು ಹೇಳಿದ ಪ್ಲಾಸ್ಟಿಕ್ ಹಾಳೆಗಳು ಸಿಗುತ್ತವೆ. ಒಂದು ಮೂಲೆಯಲ್ಲಿ ಚಿಕ್ಕ ಬೋರ್ಡ್ ಇರುತ್ತದೆ. ಹಾಳೆಯ ಬಾಲ ಅದರ ಮೇಲೆ ಕೂತಿರುತ್ತದೆ, ಅದನ್ನು ಒಂದು ಪಟ್ಟಿ ಒತ್ತಿ ಹಿಡಿದಿರುತ್ತದೆ. ಪಟ್ಟಿ ಬಿಚ್ಚುವ ಮೊದಲು ಇನ್ನೊಂದು ಫೋಟೋ ತೆಗೆಯಿರಿ.

ಕೀಗಳನ್ನೂ ಮೇಲಿನ ಚೌಕಟ್ಟನ್ನೂ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆಯಬಹುದು. ರಬ್ಬರ್ ಹಾಳೆಗೆ ಬರೀ ನೀರು ಸಾಕು. ಪ್ಲಾಸ್ಟಿಕ್ ಹಾಳೆಯನ್ನು ನೆನೆಸಬೇಡಿ. ಹಳೆ ಹತ್ತಿ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಗೆರೆ ಹೋಗುವ ದಿಕ್ಕಿನಲ್ಲಿ ಮೆಲ್ಲಗೆ ಒರೆಸಿ. ಉಜ್ಜಿದರೆ ಶಾಯಿ ಎದ್ದು ಬರುತ್ತದೆ. ಕಲೆ ಒಂದೇ ಸಲಕ್ಕೆ ಬಿಡದಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು ಮತ್ತೆ ಒರೆಸಿ. ಕೊನೆಗೆ ಐಪಿಎ ತಾಗಿಸಿದ ಬಟ್ಟೆಯಿಂದ ಒಂದು ಕೈ. ಕಿಟಕಿ ತೆಗೆದಿರಲಿ, ಹತ್ತಿರ ಊದುಬತ್ತಿ, ಒಲೆ ಬೇಡ. ಅದು ಬೇಗ ಬೆಂಕಿ ಹಿಡಿಯುತ್ತದೆ.

ಐಪಿಎ ಸಿಗಲಿಲ್ಲ ಅಂತ ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಮತ್ತೆ ಅಂಟು. ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ, ಕೀ ಕರಗಿ ಹೋಗುತ್ತದೆ.

ಎಳನೀರು_ಉಡುಪಿ

ಒಳ್ಳೇ ಸಮಯಕ್ಕೆ ಈ ಚರ್ಚೆ ಸಿಕ್ಕಿತು ಮಾರ್ರೆ. ನನ್ನ ಲ್ಯಾಪ್‌ಟಾಪ್ ಮೇಲೆ ನಿನ್ನೆ ಎಳನೀರು ಚೆಲ್ಲಿತು. ಈಗ `s` ತಾನೇ ಒತ್ತಿಕೊಳ್ತದೆ, ಪಾಸ್‌ವರ್ಡ್ ಹಾಕ್ಲಿಕ್ಕೇ ಆಗುವುದಿಲ್ಲ, ಪ್ರತಿ ಸಲ ತಪ್ಪು ಅಂತದೆ. ನಾನೂ ಕೀ ಎಲ್ಲ ತೆಗೆದು ನೀರಲ್ಲಿ ಒರೆಸ್ಲಾ?

ಬೆಸುಗೆಕಡ್ಡಿ

ಬೇಡ! ಮೇಲೆ ಬರೆದದ್ದು ಒಂದೂ ಲ್ಯಾಪ್‌ಟಾಪ್‌ಗೆ ಅಲ್ಲ. ನಿಮ್ಮದರಲ್ಲಿ ಕೀಬೋರ್ಡ್ ಕೆಳಗೇ ಮದರ್‌ಬೋರ್ಡ್ ಇದೆ, ಬ್ಯಾಟರಿ ಇದೆ. ಚಾರ್ಜರ್ ಕಿತ್ತರೂ ಒಳಗೆ ಕರೆಂಟ್ ಇರುತ್ತದೆ. ಎಳನೀರಿನಲ್ಲಿ ಉಪ್ಪಿನಂಶ ಇದೆ. ಕರೆಂಟ್ ಇರುವಾಗ ಅದು ತಾಮ್ರದ ಗೆರೆಯನ್ನು ಬೇಗ ತಿನ್ನುತ್ತದೆ.

ಈಗಲೇ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಚಾರ್ಜರ್ ಹಾಕಬೇಡಿ. ಪರದೆ ತೆರೆದು, ಕೀಬೋರ್ಡ್ ಕೆಳಮುಖವಾಗಿ ಡೇರೆಯ ಹಾಗೆ ನಿಲ್ಲಿಸಿ. ಸರಿಯಾಯಿತಾ ಅಂತ ನೋಡಲು ನಡುನಡುವೆ ಆನ್ ಮಾಡಬೇಡಿ. ಇವತ್ತೇ ರಿಪೇರಿಯವರ ಹತ್ತಿರ ಕೊಂಡುಹೋಗಿ, ಏನು ಚೆಲ್ಲಿತು, ಎಷ್ಟು ಚೆಲ್ಲಿತು ಅಂತ ಮುಚ್ಚಿಡದೆ ಹೇಳಿ. ಬಿಚ್ಚಿ ಬೋರ್ಡ್ ನೋಡಲಿ. ಕೀಬೋರ್ಡ್ ಒಂದೇ ಬದಲಿಸಿ ಕೊಟ್ಟರೆ ಸಾಲದು.

ಎಳನೀರು_ಉಡುಪಿ

ಒಂದು ಫೈಲ್ ಅರ್ಜೆಂಟ್ ಬೇಕಿತ್ತು. ಅದು ತೆಗೆದು ಆಮೇಲೆ ಆಫ್ ಮಾಡ್ತೇನೆ ಆಗದಾ?

ಮೊಬೈಲ್_ಮೆಹಬೂಬ್

ಆಗಲ್ಲ ಬ್ರದರ್. ‘ಒಂದೇ ಒಂದು ಫೈಲ್’ ಅಂತ ಆನ್ ಮಾಡಿ ಬೋರ್ಡ್ ಸುಟ್ಟುಕೊಂಡು ಬಂದವರನ್ನು ತುಂಬ ನೋಡಿದ್ದೀನಿ. ಬಿಚ್ಚಿಸಿ, ಫೈಲ್ ಆಮೇಲೆ ಸಿಗುತ್ತೆ.

ಲಿನಕ್ಸ್_ಲಿಂಗರಾಜು

ಬೋರ್ಡ್ ಕ್ಲೀನ್ ಆಗಿದೆ, ಹೊಸ ಕೀಬೋರ್ಡ್ ಬರಲು ವಾರ ಬೇಕು ಅಂದಾಗ ಮಾತ್ರ ಇದು ಉಪಯೋಗ. ಲಾಗಿನ್ ಪರದೆಯ ಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಚಿಹ್ನೆ ಒತ್ತಿದರೆ ಪರದೆ ಮೇಲಿನ ಕೀಬೋರ್ಡ್ ಸಿಗುತ್ತದೆ, `s` ತಾನಾಗಿ ಒತ್ತಿಕೊಳ್ಳುವುದು ನಿಂತಿದ್ದರೆ ಮೌಸ್‌ನಲ್ಲೇ ಪಾಸ್‌ವರ್ಡ್ ಹೊಡೆಯಬಹುದು. ಲಿನಕ್ಸ್‌ನಲ್ಲಿ ಎಕ್ಸ್ ಸೆಷನ್ ಇದ್ದರೆ ಒಳಗಿನ ಕೀಬೋರ್ಡನ್ನೇ ಬಿಡಿಸಿ, ಹೊರಗಿನದು ಬಳಸಬಹುದು:

```
xinput list
xinput float 12
```

12ರ ಜಾಗದಲ್ಲಿ ಮೊದಲ ಆದೇಶ ತೋರಿಸಿದ ನಿಮ್ಮ ಕೀಬೋರ್ಡ್‌ನ ಸಂಖ್ಯೆ ಹಾಕಿ. ವೇಲ್ಯಾಂಡ್‌ನಲ್ಲಿ ಇದು ನಡೆಯುವುದಿಲ್ಲ.

ಲಗ್ನಪತ್ರಿಕೆ_ಲತಾ

ಬಿಚ್ಚಿದೆ! ಸ್ಟಿಕರ್ ಕೆಳಗಿನ ಸ್ಕ್ರೂ ನೀವು ಹೇಳದಿದ್ದರೆ ಚೌಕಟ್ಟನ್ನು ಮುರಿದೇ ಬಿಡುತ್ತಿದ್ದೆ.

ಒಳಗೆ ನೋಡಿ ಆಶ್ಚರ್ಯವಾಯಿತು. ಕಾಫಿ ಬಿದ್ದದ್ದು `b`, `n` ಹತ್ತಿರ. ಅಲ್ಲಿ ಒಂದು ಕಂದು ಉಂಗುರ ಇದೆ. ಆದರೆ ಅದರಿಂದ ಒಂದು ತೆಳು ಗೆರೆ ಹಾಳೆಗಳ ನಡುವೆ ಹರಿದು ಮೇಲಿನ ಮೂಲೆಯ ಬೋರ್ಡ್ ತನಕ ಹೋಗಿದೆ. ಅಲ್ಲಿ ಗೆರೆಗಳೆಲ್ಲ ಒತ್ತೊತ್ತಾಗಿ ಸೇರಿವೆ. ಸೇತುವೆ ಕಟ್ಟಿರುವುದು ಅಲ್ಲೇ ಅಲ್ವಾ?

ಹಾಳೆಗಳು `b` ಹತ್ತಿರ ಒಂದಕ್ಕೊಂದು ಅಂಟಿವೆ. ಅಂಚಿನಲ್ಲಿ ಕೆಲವು ಕಡೆ ಕರಗಿಸಿ ಸೇರಿಸಿದ ಚುಕ್ಕೆಗಳಿವೆ. ಕತ್ತರಿಸಬೇಕಾ?

ಬೆಸುಗೆಕಡ್ಡಿ

ಅಲ್ಲೇ. ಸಂದಿ ತೆಳುವಾಗಿದ್ದಷ್ಟೂ ನೀರು ದೂರ ಹೋಗುತ್ತದೆ.

ಚುಕ್ಕೆಗಳನ್ನು ಕತ್ತರಿಸಬೇಡಿ. ಅವೇ ಹಾಳೆಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿರುವುದು. ಎಷ್ಟು ತೆರೆದುಕೊಳ್ಳುತ್ತದೋ ಅಷ್ಟೇ ತೆರೆಯಿರಿ. ಅಂಟಿದ ಜಾಗಕ್ಕೆ ಬ್ಲೇಡ್ ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ಒಂದೆರಡು ಹನಿ ಅಂಚಿನಲ್ಲಿ ಬಿಟ್ಟು ಕಾಯಿರಿ, ತಾನೇ ಸಡಿಲವಾಗುತ್ತದೆ. ಆಮೇಲೆ ಲ್ಯಾಮಿನೇಶನ್ ಹಾಳೆಯ ತುಂಡೊಂದನ್ನು ಒಳಗೆ ತೂರಿಸಿ ಬಿಡಿಸಿ. ನಿಮ್ಮಂಗಡಿಯಲ್ಲಿ ಅದಕ್ಕೆ ಬರ ಇಲ್ಲವಲ್ಲ.

ಒರೆಸಿದ ಮೇಲೆ ಹಾಳೆಗಳ ನಡುವೆ ಎರಡು ಕಡೆ ಕಾಗದದ ಸುರುಳಿ ಸಿಕ್ಕಿಸಿ, ಒಳಗೂ ಗಾಳಿ ಆಡುವ ಹಾಗೆ ಫ್ಯಾನ್ ಕೆಳಗೆ ಇಡಿ. ಒಂದು ಪೂರ್ತಿ ದಿನ ಬೇಕು. ಬಿಸಿಲಿಗೆ ಬೇಡ, ಹೇರ್ ಡ್ರೈಯರ್ ಬೇಡ. ಬಿಸಿಗೆ ಹಾಳೆ ಸುರುಟಿದರೆ ತೂತುಗಳು ಸಾಲು ತಪ್ಪುತ್ತವೆ, ಆಮೇಲೆ ಯಾರಿಂದಲೂ ಸರಿಯಾಗಲ್ಲ.

ಸಿಸ್ಟಂ_ಶಿವು

ಅಕ್ಕಿ ಡಬ್ಬದಲ್ಲಿ ಇಟ್ಟರೆ ಬೇಗ ಒಣಗಲ್ವಾ ಸಾರ್?

ಮೊಬೈಲ್_ಮೆಹಬೂಬ್

ಅಕ್ಕಿ ತೆಗೆದು ಅನ್ನ ಮಾಡು ಗುರು. ಅಕ್ಕಿ ಹುಡಿ ಚಾರ್ಜಿಂಗ್ ಪೋರ್ಟ್‌ನಿಂದ ಕೆರೆದು ಕೆರೆದು ಸಾಕಾಗಿದೆ ನನಗೆ. ಫ್ಯಾನೇ ವಾಸಿ.

ಲಗ್ನಪತ್ರಿಕೆ_ಲತಾ

ಎಲ್ಲ ಜೋಡಿಸಿದೆ. `mn` ಹೋಯಿತು, `jh` ಹೋಯಿತು, `uy` ಹೋಯಿತು. ಆದರೆ ಹೊಸ ತಲೆನೋವು. `q`, `a`, `z`, `1` ನಾಲ್ಕೂ ಸತ್ತಿವೆ, ಎಷ್ಟು ಒತ್ತಿದರೂ ಏನೂ ಬರಲ್ಲ. ಮೊದಲು ಅವು ಚೆನ್ನಾಗಿದ್ದವು. ಒರೆಸುವಾಗ ಗೆರೆ ಅಳಿಸಿಬಿಟ್ಟೆನಾ? ಸ್ಪೇಸ್ ಕೂಡ ಒಂದು ಕಡೆ ಒತ್ತಿದರೆ ಮಾತ್ರ ಇಳಿಯುತ್ತದೆ.

ಬೆಸುಗೆಕಡ್ಡಿ

ನಾಲ್ಕೂ ಒಂದೇ ಗೆರೆಯ ಕೀಗಳು. ಅಲ್ಲಿ ಕಾಫಿಯೇ ಇರಲಿಲ್ಲ, ನೀವು ಜಾಸ್ತಿ ಒರೆಸಿಯೂ ಇರಲಿಕ್ಕಿಲ್ಲ. ನನ್ನ ಅನುಮಾನ ಹಾಳೆಯ ಬಾಲದ ಮೇಲೆ. ಬೋರ್ಡ್ ಮೇಲೆ ಅದು ಒಂದು ಕೂದಲೆಳೆ ಓರೆಯಾದರೂ ತುದಿಯ ಗೆರೆ ಮುಟ್ಟುವುದಿಲ್ಲ. ವೈರ್ ಕಿತ್ತು ಮತ್ತೆ ಬಿಚ್ಚಿ, ಹಳೆ ಫೋಟೋ ಜೊತೆ ಹೋಲಿಸಿ ಕೂರಿಸಿ. ಪಟ್ಟಿಯ ಸ್ಕ್ರೂಗಳನ್ನು ಒಂದು ಸಲಕ್ಕೆ ಒಂದೇ ಪೂರ್ತಿ ಬಿಗಿಯಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಿಗಿ ಮಾಡಿ. ಸ್ಪೇಸ್‌ನ ಕಂಬಿಯ ಒಂದು ತುದಿ ಕೊಕ್ಕೆಗೆ ಕೂತಿಲ್ಲ, ಅದನ್ನೂ ನೋಡಿ.

ಕೀಗಳನ್ನೆಲ್ಲ ಹಾಕುವ ಮೊದಲೇ ಬೆರಳಿಂದ ರಬ್ಬರ್ ಬಟ್ಟಲು ಒತ್ತಿ ಪರೀಕ್ಷಿಸಿದರೆ ಕೆಲಸ ಉಳಿಯುತ್ತದೆ. ಇದನ್ನು ಮೊದಲೇ ಬರೆಯಬೇಕಿತ್ತು.

ಲಗ್ನಪತ್ರಿಕೆ_ಲತಾ

ಬಾಲವೇ ಸಾರ್! ಓರೆಯಾಗಿತ್ತು. ಈಗ ನಾಲ್ಕೂ ಬರುತ್ತಿವೆ, ಸ್ಪೇಸ್ ಸರಿಹೋಯಿತು. ಬೆಳಗ್ಗೆಯಿಂದ ಒಂದು ಗೃಹಪ್ರವೇಶದ ಪತ್ರಿಕೆ ಪೂರ್ತಿ ಹೊಡೆದೆ.

`b` ಮಾತ್ರ ಇನ್ನೂ ಅನುಮಾನ. ತಾನಾಗಿ ಓಡುವುದು ನಿಂತಿದೆ. ಆದರೆ ಈಗ ಕೆಲವೊಮ್ಮೆ ಗಟ್ಟಿಯಾಗಿ ಒತ್ತಬೇಕು. ಒರೆಸುವಾಗ ನೋಡಿದ್ದೆ, ಅಲ್ಲಿನ ದುಂಡು ಚುಕ್ಕೆಯಿಂದ ಹೊರಡುವ ಗೆರೆ ಒಂದಿಷ್ಟು ಕಪ್ಪಾಗಿದೆ. ಬಟ್ಟೆಗೆ ಬರಲಿಲ್ಲ, ಕಲೆ ಅಲ್ಲ ಅನ್ನಿಸುತ್ತದೆ.

ಮೊಬೈಲ್_ಮೆಹಬೂಬ್

ಗೆರೆ ತಿಂದುಹೋಗಿದೆ ಅಕ್ಕ. ಇವತ್ತು ಗಟ್ಟಿಯಾಗಿ ಒತ್ತಿದರೆ ಬರುತ್ತೆ, ಮಳೆಗಾಲ ಬಂದರೆ ಅದೂ ಇಲ್ಲ. ಹೊಸ ಕೀಬೋರ್ಡ್ ತಂದು ಇಟ್ಟುಕೊಳ್ಳಿ.

ಲಿನಕ್ಸ್_ಲಿಂಗರಾಜು

ಅಷ್ಟಕ್ಕೇ ಎಸೆಯಬೇಕಾ? ಕರೆಂಟ್ ಹರಿಯುವ ಬೆಳ್ಳಿ ಪೇಂಟ್ ಪೆನ್ ಸಿಗುತ್ತದೆ, ಕಪ್ಪಾದ ಜಾಗದ ಮೇಲೆ ಎಳೆದರೆ ಆಯಿತು.

ಮೊಬೈಲ್_ಮೆಹಬೂಬ್

ಆ ಪೆನ್ ದುಡ್ಡಿಗೆ ಇಂಥ ಕೀಬೋರ್ಡ್ ಎರಡು ಬರುತ್ತೆ.

ಬೆಸುಗೆಕಡ್ಡಿ

ಇಬ್ಬರೂ ತಡೆಯಿರಿ, ಗೆರೆ ಹೋಗಿದೆಯೋ ಇಲ್ಲವೋ ಅಳೆದು ನೋಡಬಹುದು. ಲತಾ ಅವರೇ, ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇದ್ದರೆ ತನ್ನಿ. ವೈರ್ ಕಿತ್ತು, ಹಾಳೆಯ ಬಾಲವನ್ನು ಬೋರ್ಡ್‌ನಿಂದ ಬಿಡಿಸಿಕೊಳ್ಳಿ. ಓಮ್ಸ್‌ನಲ್ಲಿಟ್ಟು ಒಂದು ಕಡ್ಡಿ `b` ಚುಕ್ಕೆಯ ಮೇಲೆ, ಇನ್ನೊಂದು ಅದೇ ಗೆರೆಯ ಬಾಲದ ತುದಿಯಲ್ಲಿ ಇಡಿ. ಕಡ್ಡಿಯನ್ನು ಚುಚ್ಚಬೇಡಿ, ಮಲಗಿಸಿ ತಾಗಿಸಿ. ಬೀಪ್ ಸದ್ದು ನಂಬಬೇಡಿ. ಈ ಶಾಯಿಗೆ ತಾಮ್ರಕ್ಕಿಂತ ತಡೆ ಜಾಸ್ತಿ, ಗೆರೆ ಚೆನ್ನಾಗಿದ್ದರೂ ಬೀಪ್ ಬಾರದೆ ಇರಬಹುದು. ಅದೇ ಉದ್ದದ ಇನ್ನೊಂದು ಒಳ್ಳೆಯ ಗೆರೆಯನ್ನೂ ಅಳೆದು ಹೋಲಿಸಿ. ಹೆಚ್ಚುಕಡಿಮೆ ಅಷ್ಟೇ ಬಂದರೆ ಗೆರೆ ಚೆನ್ನಾಗಿದೆ, ಚುಕ್ಕೆಯ ಮೇಲೆ ಇನ್ನೂ ಜಿಡ್ಡು ಇದೆ, ಮತ್ತೊಮ್ಮೆ ಒರೆಸಿ. ಹತ್ತಾರು ಪಟ್ಟು ಬಂದರೆ, ಅಥವಾ ಅಂಕಿ ನಿಲ್ಲದೆ ಓಡಾಡಿದರೆ, ಮೆಹಬೂಬ್ ಹೇಳಿದ್ದು ಸರಿ.

ಮೀಟರ್ ಹೇಗೂ ಕೈಲಿರುತ್ತದಲ್ಲ, ಬಾಲದ ಹತ್ತಿರ ಆ ಎರಡು ಅಕ್ಕಪಕ್ಕದ ಗೆರೆಗಳ ನಡುವೆಯೂ ಅಳೆಯಿರಿ. ಮೆಗಾ ಓಮ್ ರೇಂಜ್‌ನಲ್ಲೂ ಏನೂ ತೋರಿಸಬಾರದು. ಏನಾದರೂ ಅಂಕಿ ಬಂದರೆ ಸಕ್ಕರೆ ಇನ್ನೂ ಅಲ್ಲಿದೆ, ತೇವದ ದಿನ `mn` ಮತ್ತೆ ಬರುತ್ತದೆ.

ಲಗ್ನಪತ್ರಿಕೆ_ಲತಾ

ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾರಂತೆ. ಅಳೆದು ಅಂಕಿ ಹಾಕುತ್ತೇನೆ. ಅಲ್ಲಿಯವರೆಗೆ ಇದರಲ್ಲೇ ಹೊಡೆಯುತ್ತಿದ್ದೇನೆ, ‘ಬ’ ಇರುವ ಸಾಲು ಮಾತ್ರ ಪ್ರಿಂಟ್ ಕೊಡುವ ಮೊದಲು ಎರಡು ಸಲ ಓದುತ್ತೇನೆ.

ಎಳನೀರು_ಉಡುಪಿ

ನನ್ನದು ಬಿಚ್ಚಿಸಿದೆ. ಕೀಬೋರ್ಡ್ ಬದಲಿಸ್ಬೇಕಂತೆ, ಮೇಲಿನ ಕವರ್ ಜೊತೆಗೇ ಬರುವುದಂತೆ, ರೇಟು ಕೇಳಿ ತಲೆ ತಿರುಗಿತು. ಬೋರ್ಡ್‌ನಲ್ಲಿ ಒಂದು ಕಡೆ ಹಸಿರು ಹಿಡಿದಿತ್ತಂತೆ, ಕ್ಲೀನ್ ಮಾಡಿದ್ದಾರೆ. ಫೈಲ್ ಸಿಕ್ಕಿತು.